ಬೀಳ್ಕೊಡುಗೆಗೆ ಹಾಡು ಆರಿಸುವಾಗ ಚರಣವನ್ನೂ ಓದಿ

ಬೆಂಗಳೂರಿನ ಕಚೇರಿಗಳಲ್ಲಿ ತಿಂಗಳ ಕೊನೆಯ ದಿನ ಮಧ್ಯಾಹ್ನ ಮೂರರ ಮೇಲೆ ಕೆಲಸ ಸಾಗುವುದು ಕಷ್ಟ. ಎಲ್ಲೋ ಒಂದು ಮಹಡಿಯಲ್ಲಿ ಶಾಮಿಯಾನದ ಕುರ್ಚಿಗಳು ಬಂದಿರುತ್ತವೆ, ಹಾರ ಬಕೆಟ್ಟಿನ ನೀರಿನಲ್ಲಿ ತೇಲುತ್ತಿರುತ್ತದೆ, ಯಾರೋ ಮೈಕಿಗೆ ‘ಹಲೋ, ಚೆಕ್’ ಅನ್ನುತ್ತಿರುತ್ತಾರೆ. ಶಾಲು, ಪೇಟ, ಹಣ್ಣಿನ ಬುಟ್ಟಿ, ಬೆಳ್ಳಿಯ ಗಣಪತಿ ಎಲ್ಲವೂ ಒಂದು ವಾರ ಮೊದಲೇ ತೀರ್ಮಾನವಾಗಿರುತ್ತವೆ. ಹಾಡು ಮಾತ್ರ ಹಿಂದಿನ ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ಆಯ್ಕೆಯಾಗುತ್ತದೆ, ಅದೂ ಪಲ್ಲವಿಯ ಮೊದಲ ಸಾಲನ್ನು ನೆನಪಿಸಿಕೊಂಡು. ಎಡವಟ್ಟು ಶುರುವಾಗುವುದು ಅಲ್ಲೇ. ನಮ್ಮ ಹಾಡುಗಳ ಪಲ್ಲವಿ ಬಹುಮಟ್ಟಿಗೆ ಸಜ್ಜನರಂತೆ ಬಂದು ಕೂರುತ್ತದೆ. ಅಳಿಸುವ ಮಾತು ಇರುವುದು ಚರಣದಲ್ಲಿ, ಇಲ್ಲವೇ ಆ ಹಾಡು ಸಿನಿಮಾದಲ್ಲಿ ಬಂದ ಸಂದರ್ಭದಲ್ಲಿ.

ಎಲ್ಲರಿಗೂ ಗೊತ್ತಿರುವ ಹಾಡನ್ನೇ ನೋಡಿ. ‘ಆಡಿಸಿ ನೋಡು ಬೀಳಿಸಿ ನೋಡು’ 1971ರ ‘ಕಸ್ತೂರಿ ನಿವಾಸ’ದ್ದು, ಪಿ.ಬಿ. ಶ್ರೀನಿವಾಸ್ ಹಾಡಿದ್ದು. ಬಿದ್ದರೂ ಮತ್ತೆ ಎದ್ದು ನಿಲ್ಲುವ ಬೊಂಬೆಯ ಹಾಡು. ಏಳುಬೀಳು ಕಂಡು ತಲೆ ತಗ್ಗಿಸದೆ ಕೆಲಸ ಮಾಡಿದ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಪಲ್ಲವಿ ಸಿಗುವುದು ಕಷ್ಟ. ಆದರೆ ಅದೇ ಚಿತ್ರದಲ್ಲಿ ಅದೇ ಧಾಟಿಗೆ ಇನ್ನೊಂದು ಹಾಡಿದೆ, ‘ಆಡಿಸಿದಾತ ಬೇಸರ ಮೂಡಿ ಆಟ ಮುಗಿಸಿದ’ ಎಂದು. ಅದು ಸಾವಿನ ಹಾಡು. ಯೂಟ್ಯೂಬಿನಲ್ಲಿ ಹುಡುಕಿದರೆ ಎರಡೂ ಅಕ್ಕಪಕ್ಕದಲ್ಲೇ ಸಿಗುತ್ತವೆ, ಕೆಲವು ಕಡೆ ಎರಡನ್ನೂ ಒಂದೇ ಕಡತದಲ್ಲಿ ಹೊಲಿದಿರುತ್ತಾರೆ. ಹಾಡು ಮುಗಿಯಿತೆಂದು ಎಲ್ಲರೂ ಚಪ್ಪಾಳೆಗೆ ಕೈ ಎತ್ತುವ ಹೊತ್ತಿಗೆ ಎರಡನೆಯದು ಶುರುವಾದರೆ ನಿವೃತ್ತರ ಹೆಂಡತಿಯ ಮುಖ ನೋಡುವಂತಿರುವುದಿಲ್ಲ. ಆದ್ದರಿಂದ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕೇಳಿ, ಮೊದಲ ಹಾಡು ಮುಗಿಯುವಲ್ಲಿ ಕತ್ತರಿಸಿ ಬೇರೆಯಾಗಿ ಉಳಿಸಿಕೊಳ್ಳುವುದು ಕ್ಷೇಮ.

‘ಈ ಭೂಮಿ ಬಣ್ಣದ ಬುಗುರಿ’ಯ ಕಥೆಯೂ ಅಷ್ಟೇ. ಹಂಸಲೇಖ ಅವರ ಸಂಗೀತ, ಎಸ್‌ಪಿಬಿ ದನಿ, ಕೇಳಲು ಹುರುಪು. ಆದರೆ ಬುಗುರಿ ನಿಂತಾಗ ಏನಾಗುತ್ತದೆ ಎಂಬುದನ್ನು ಹಾಡು ಪಲ್ಲವಿಯಲ್ಲೇ ಹೇಳಿಬಿಡುತ್ತದೆ. ಅರವತ್ತು ತುಂಬಿದ ದಿನ ಅದನ್ನು ನೆನಪಿಸುವ ಅಗತ್ಯವಿಲ್ಲ. ‘ಬಂಧನ’ದ ‘ನೂರೊಂದು ನೆನಪು’ ಬೀಳ್ಕೊಡುಗೆಗಳಲ್ಲಿ ಅತಿ ಹೆಚ್ಚು ಕೇಳಿಬರುವ ಹಾಡುಗಳಲ್ಲೊಂದು. ಮಾತಿನಲ್ಲಿ ಆನಂದವೇ ಇದೆ. ಆದರೆ ಆ ಚಿತ್ರ ನೋಡಿದ ಯಾರಿಗಾದರೂ ಅದು ಕೈತಪ್ಪಿದ ಪ್ರೀತಿಯನ್ನು ಎದುರಿಗಿಟ್ಟುಕೊಂಡು ಹಾಡಿದ್ದೆಂದು ಗೊತ್ತು. 1984ರಲ್ಲಿ ಆ ಚಿತ್ರ ನೋಡಿದ ತಲೆಮಾರೇ ಈಗ ನಿವೃತ್ತಿಯಾಗುತ್ತಿರುವುದು! ಇಪ್ಪತ್ತೈದರ ಹುಡುಗ ಯೂಟ್ಯೂಬಿನಲ್ಲಿ ಕೇಳುವ ಹಾಡು ಬೇರೆ, ಥಿಯೇಟರಿನಲ್ಲಿ ಅತ್ತು ಬಂದವರು ಕೇಳುವ ಹಾಡು ಬೇರೆ. ಹಾಗಾಗಿ ಪಟ್ಟಿ ತಯಾರಾದ ಮೇಲೆ ಐವತ್ತೈದು ದಾಟಿದ ಒಬ್ಬರಿಗೆ ಅದನ್ನು ತೋರಿಸಬೇಕು. ‘ಅಯ್ಯೋ, ಇದಾ?’ ಎಂದು ಅವರ ಬಾಯಿಂದ ಬಂದರೆ ಸಾಕು, ಕಾರಣ ಕೇಳದೆ ತೆಗೆದುಹಾಕಬಹುದು.

ಭಾವಗೀತೆ ಪ್ರಿಯರು ಇನ್ನೊಂದು ಬಗೆಯ ತೊಂದರೆ ತರುತ್ತಾರೆ. ‘ಕಾಣದ ಕಡಲಿಗೆ ಹಂಬಲಿಸಿದೆ ಮನ’, ‘ಯಾವ ಮೋಹನ ಮುರಳಿ ಕರೆಯಿತು’ ಇವೆರಡೂ ದೊಡ್ಡ ಕವಿತೆಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ದಡ ಬಿಟ್ಟು ಹೊರಡುವ ತುಡಿತ ಇವೆರಡರ ಜೀವಾಳ. ಹೊರಡುವ ದಿನವೇ ಅವನ್ನು ಹಾಡಿದರೆ ಕವಿತೆ ರೂಪಕವಾಗಿ ಉಳಿಯುವುದಿಲ್ಲ, ನೇರ ವರದಿಯಾಗಿಬಿಡುತ್ತದೆ. ಕುವೆಂಪು ಅವರ ‘ಓ ನನ್ನ ಚೇತನ’ ಇದಕ್ಕಿಂತ ಸುರಕ್ಷಿತ, ಸಭೆಯೆಲ್ಲ ಸೇರಿ ಹಾಡಬಹುದು. ಒಂದೇ ಎಚ್ಚರಿಕೆ: ಮನೆ ಕಟ್ಟದಿರು ಎನ್ನುವ ಸಾಲು ಬಂದಾಗ, ನಿವೃತ್ತಿಯ ಹಣವನ್ನೆಲ್ಲ ಕೆಂಗೇರಿಯ ಸೈಟಿಗೆ ಸುರಿದಿರುವವರು ಎದುರಿಗಿದ್ದರೆ ಹಿಂದಿನ ಸಾಲಿನಿಂದ ನಗು ಬರುತ್ತದೆ. ಬರಲಿ ಬಿಡಿ, ನಗು ಬಂದರೆ ಒಳ್ಳೆಯದೇ. ಜಿ.ಎಸ್. ಶಿವರುದ್ರಪ್ಪನವರ ‘ಎದೆ ತುಂಬಿ ಹಾಡಿದೆನು’ ಮನಸಿಟ್ಟು ದುಡಿದವರಿಗೆ ಹೇಳಿ ಮಾಡಿಸಿದ ಕವಿತೆ, ಮೇಷ್ಟರಿಗಂತೂ ತುಂಬ ಒಪ್ಪುತ್ತದೆ. ಅದನ್ನು ಸನ್ಮಾನಕ್ಕೆ ಮುಂಚೆ ಹಾಡಿಸಿ. ಹಾಡುಹಕ್ಕಿಗೆ ಬಿರುದು ಸನ್ಮಾನ ಬೇಕೇ ಎಂದು ಕವಿತೆ ಕೇಳುವ ಹೊತ್ತಿಗೇ ಪೇಟ ತೊಡಿಸುತ್ತಿದ್ದರೆ ಚೆನ್ನಾಗಿರುವುದಿಲ್ಲ.

ಇಷ್ಟಕ್ಕೆಲ್ಲ ಹಿಂದಿ ಹಾಡು ಹಾಕಿದರೆ ತೊಂದರೆಯೇ ಇಲ್ಲ ಅಂದುಕೊಳ್ಳುವವರಿದ್ದಾರೆ. ವೈಟ್‌ಫೀಲ್ಡ್ ಕಡೆಯ ಕಂಪನಿಗಳಲ್ಲಿ ಒಂದಾದರೂ ಹಿಂದಿ ಹಾಡು ಬೇಕಾಗುತ್ತದೆ ನಿಜ. ಆದರೆ ‘ಜಿಂದಗೀ ಏಕ್ ಸಫರ್’ನಂಥ ಸೀಟಿ ಹೊಡೆಯುವ ಹಾಡಿನ ಒಳಗೂ ಸಾವು ಬಂದೇ ಬರುತ್ತದೆ ಎನ್ನುವ ಚರಣ ಕೂತಿದೆ. ಓದುವ ಕೆಲಸ ಯಾವ ಭಾಷೆಯಲ್ಲೂ ತಪ್ಪಿದ್ದಲ್ಲ.

ಹಾಗಾದರೆ ಯಾವುದು ಒಪ್ಪುತ್ತದೆ? ಹೊರಡುವುದರ ಬಗ್ಗೆ ಇರುವ ಹಾಡಿಗಿಂತ ಅವರು ಮಾಡಿದ ಕೆಲಸದ ಬಗ್ಗೆ ಇರುವ ಹಾಡು ಒಪ್ಪುತ್ತದೆ. ‘ಮರೆಯಲಾರೆವು’, ‘ಹೋಗಿ ಬನ್ನಿ’ ಅನ್ನುವ ಹಾಡು ಯಾರಿಗೆ ಬೇಕಾದರೂ ಹೊಂದುತ್ತದೆ, ಅದಕ್ಕೇ ಅದು ಯಾರಿಗೂ ಸೇರಿದ್ದಲ್ಲ. ಸಭೆಯಲ್ಲಿ ಕೂತವರ ಮನಸ್ಸು ಆಗ ಖಾಲಿ ಕುರ್ಚಿಯ ಕಡೆಗೆ ಹೋಗುತ್ತದೆ. ಕೆಲಸದ ಹಾಡಾದರೆ ಮನಸ್ಸು ಆ ಮನುಷ್ಯ ಕೆಲಸ ಮಾಡುತ್ತಿದ್ದ ರೀತಿಯ ಕಡೆಗೆ ಹೋಗುತ್ತದೆ.

ಒಂದು ಉದಾಹರಣೆ ಕಟ್ಟಿ ನೋಡೋಣ. ಕುಡಿಯುವ ನೀರು ಸರಬರಾಜಿನ ಒಬ್ಬ ಇಂಜಿನಿಯರ್, ಮೂವತ್ತು ವರ್ಷಕ್ಕೂ ಮೀರಿದ ನೌಕರಿ, ಬೇಸಿಗೆಯ ರಾತ್ರಿಗಳಲ್ಲಿ ಪಂಪ್‌ಹೌಸಿನಲ್ಲೇ ಮಲಗಿದ್ದವರು. ಸಭೆ ನಾಲ್ಕೂವರೆಗೆ, ಎಂಬತ್ತು ಜನ, ಹೆಂಡತಿ ಮತ್ತು ಮಗಳು ಮುಂದಿನ ಸಾಲಿನಲ್ಲಿ. ಒಂದೂವರೆ ಗಂಟೆಯ ಕಾರ್ಯಕ್ರಮಕ್ಕೆ ನಾಡಗೀತೆ ಬಿಟ್ಟು ನಾಲ್ಕು ಹಾಡು ಸಾಕು. ನಾಡಗೀತೆಗೆ ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡ್ ಎಂದು 2022ರಲ್ಲಿ ಸರ್ಕಾರವೇ ನಿಗದಿ ಮಾಡಿದೆ. ಉಳಿದ ಹಾಡುಗಳಿಗೂ ಅದೇ ಅಳತೆ ಇಟ್ಟುಕೊಳ್ಳಿ. ಪಲ್ಲವಿ, ಒಂದು ಚರಣ, ಮತ್ತೆ ಪಲ್ಲವಿ. ನಾಲ್ಕೂವರೆ ನಿಮಿಷದ ಹಾಡನ್ನು ಪೂರ್ತಿ ಹಾಡಿದರೆ ಎರಡನೆಯ ಚರಣಕ್ಕೆ ಜನ ಫೋನು ತೆಗೆಯುತ್ತಾರೆ, ಹಾಡುವವರು ಒಂಟಿಯಾಗುತ್ತಾರೆ. ಒಂಟಿ ದನಿ ಎಂಥ ಹಾಡನ್ನಾದರೂ ಮಂಕು ಮಾಡುತ್ತದೆ.

ಮೊದಲ ಹಾಡು ‘ಆಗದು ಎಂದು ಕೈಲಾಗದು ಎಂದು’. ‘ಬಂಗಾರದ ಮನುಷ್ಯ’, 1972, ಜಿ.ಕೆ. ವೆಂಕಟೇಶ್ ಸಂಗೀತ. ವಿಶ್ವೇಶ್ವರಯ್ಯನವರು ಕನ್ನಂಬಾಡಿ ಕಟ್ಟದಿದ್ದರೆ ಏನಾಗುತ್ತಿತ್ತು ಎಂದು ಕೇಳುವ ಚರಣ ಅದರಲ್ಲಿದೆ. ಬೆಂಗಳೂರಿಗೆ ಕಾವೇರಿ ಹರಿಸುವ ಕೆಲಸ ಮಾಡಿದವರಿಗೆ ಆ ಒಂದು ಚರಣ ಸಾಕು, ಉಳಿದವನ್ನು ಬಿಟ್ಟುಬಿಡಬಹುದು. ಇದನ್ನು ಸಹೋದ್ಯೋಗಿಗಳ ಭಾಷಣದ ನಡುವೆ ಇಡಿ. ಎರಡೋ ಮೂರೋ ಮಾತುಗಳಾದ ಮೇಲೆ ಸಭೆ ಜಡವಾಗುವ ಹೊತ್ತಿಗೆ ಸರಿಯಾಗಿ ಬರುತ್ತದೆ.

ಎರಡನೆಯದು ಅಣಕು ಹಾಡು. ನಗಿಸುವುದಕ್ಕೆ ಇದರಷ್ಟು ಗಟ್ಟಿ ದಾರಿ ಇನ್ನೊಂದಿಲ್ಲ, ಕೆಡುವುದೂ ಇದರಷ್ಟು ಬೇಗ ಇನ್ನೊಂದಿಲ್ಲ. ಕೆಡಲು ಕಾರಣ ಮಾತ್ರೆ. ಹೊಸ ಮಾತು ಧಾಟಿಗೆ ಕೂರದಿದ್ದರೆ ಹಾಡುವವರು ಮುಗ್ಗರಿಸುತ್ತಾರೆ, ಜೋಕು ಯಾರಿಗೂ ಕೇಳಿಸುವುದಿಲ್ಲ. ‘ಸಂಪತ್ತಿಗೆ ಸವಾಲ್’ನ ‘ಯಾರೇ ಕೂಗಾಡಲಿ, ಊರೇ ಹೋರಾಡಲಿ’ ತೆಗೆದುಕೊಳ್ಳಿ. ಪ್ರತಿ ತುಂಡಿನಲ್ಲಿ ನಾಲ್ಕು ಗುರು, ಎರಡು ಲಘು. ಅದರ ಜಾಗಕ್ಕೆ ‘ಪಂಪೇ ಸುಟ್ಹೋಗಲಿ, ಪೈಪೇ ಒಡೆದೋಗಲಿ’ ಹಾಕಿದರೆ ತೂಕ ಸರಿಯಾಗಿ ಬರುತ್ತದೆ. ‘ಒಡೆ’ಯ ಎರಡು ಲಘು ಸೇರಿ ಒಂದು ಗುರುವಿನ ಜಾಗ ತುಂಬುತ್ತವೆ. ‘ಎಮ್ಮೆ ನಿನಗೆ ಸಾಟಿಯಿಲ್ಲ’ ಇರುವಲ್ಲಿ ‘ಸಾರು ನಿಮಗೆ ಸಾಟಿಯಿಲ್ಲ’. ‘ಎಮ್ಮೆ’ಗೂ ‘ಸಾರು’ವಿಗೂ ಮೂರು ಮೂರು ಮಾತ್ರೆ. ಆದರೆ ‘ಟ್ಯಾಂಕರ್ ಬರದಿದ್ದರೂ ಕೂಡ’ ಎಂದು ತುರುಕಲು ಹೋದರೆ ತಾಳ ಹಳಿ ತಪ್ಪುತ್ತದೆ. ಬರೆದದ್ದನ್ನು ತೊಡೆಯ ಮೇಲೆ ತಾಳ ಹಾಕುತ್ತಾ ಒಮ್ಮೆ ಹೇಳಿ ನೋಡಿದರೆ ಎಲ್ಲಿ ಮುಗ್ಗರಿಸುತ್ತದೆ ಎಂದು ಗೊತ್ತಾಗುತ್ತದೆ. ಇನ್ನೊಂದು ಮಾತು. ಮೂಲದಲ್ಲಿ ಆ ಹಾಡು ಎಮ್ಮೆಗೆ ಹಾಡಿದ್ದು, ಅದು ಸಭೆಯಲ್ಲಿ ಎಲ್ಲರಿಗೂ ಗೊತ್ತು. ತಮ್ಮನ್ನು ತಾವು ನೋಡಿ ನಗಬಲ್ಲ ಮೇಲಧಿಕಾರಿಗೆ ಇದು ಹಬ್ಬ. ಗಂಭೀರವಾಗಿಯೇ ಮೂವತ್ತು ವರ್ಷ ಕಳೆದವರಿಗೆ ಇದನ್ನು ಹಾಡುವುದು ಬೇಡ. ಹಾಜರಿ ಪುಸ್ತಕದ ಬಗ್ಗೆ ಕಟ್ಟುನಿಟ್ಟಾಗಿದ್ದವರಾದರೆ ಬದಲಿಗೆ ರಾಜ್‌ಕುಮಾರ್ ಅವರ ‘ಇಫ್ ಯು ಕಮ್ ಟುಡೇ’ ಇದೆ. ಇವತ್ತು ಬಂದರೆ ಬೇಗ, ನಾಳೆ ಬಂದರೆ ತಡ ಅನ್ನುವ ಹಾಡಿಗೆ ಒಂದಕ್ಷರವನ್ನೂ ಬದಲಿಸಬೇಕಿಲ್ಲ.

ಅಣಕು ಹಾಡಿನಲ್ಲಿ ಸಂಬಳ, ಬಡ್ತಿ ತಪ್ಪಿದ್ದು, ವರ್ಗಾವಣೆ, ಆರೋಗ್ಯ ಇವು ನಾಲ್ಕೂ ಬೇಡ. ಅವರ ಮೇಜಿನ ಡ್ರಾಯರಿನಲ್ಲಿದ್ದ ಕಡ್ಲೆಬೀಜ, ಹೆಗಲಿನ ಚೀಲ, ಫೋನೆತ್ತಿದಾಗ ಹೇಳುವ ಮೊದಲ ಮಾತು ಇಂಥವು ಬೇಕು. ದಿನಾ ಕಣ್ಣಿಗೆ ಬಿದ್ದದ್ದನ್ನು ಹೇಳಿದರೆ ಸಭೆ ನಗುತ್ತದೆ.

ಆಮೇಲೆ ಸನ್ಮಾನ. ಈ ಹೊತ್ತಿಗೆ ಮಾತಿರುವ ಹಾಡು ಹಾಕಲೇಬೇಡಿ. ನಿರೂಪಕರು ಒಂದು ಕಡೆ ಹೆಸರು ಕರೆಯುತ್ತಿರುತ್ತಾರೆ, ಫೋಟೋದವರು ‘ಸ್ವಲ್ಪ ಈ ಕಡೆ ಸಾರ್’ ಅನ್ನುತ್ತಿರುತ್ತಾರೆ, ಹಾಡಿನ ಮಾತು ಎರಡಕ್ಕೂ ಅಡ್ಡ ಬರುತ್ತದೆ. ಬರಿಯ ವಾದ್ಯ ಸಂಗೀತ ಒಳ್ಳೆಯದು, ಆದರೆ ರಾಗ ನೋಡಿ ಆರಿಸಬೇಕು. ಚಿತ್ರಗೀತೆಯನ್ನು ಕೊಳಲಿನಲ್ಲಿ ನಿಧಾನಕ್ಕೆ ನುಡಿಸಿದ ಕಡತಗಳು ಬಹಳ ಸಿಗುತ್ತವೆ, ಎಲ್ಲವೂ ಅಳುಮುಖದವು. ಸಾರಂಗಿ ಮತ್ತು ವಿಳಂಬ ಲಯದ ಶೆಹನಾಯಿ ಇನ್ನೂ ಕೆಟ್ಟದ್ದು. ದೊಡ್ಡ ನಾಯಕರು ತೀರಿಕೊಂಡಾಗ ಆಕಾಶವಾಣಿ, ದೂರದರ್ಶನಗಳಲ್ಲಿ ದಿನವಿಡೀ ಕೇಳಿದ ನಾದ ಅದು, ಐವತ್ತು ದಾಟಿದವರ ಕಿವಿಯಿಂದ ಹೋಗಿಲ್ಲ. ಹಂಸಧ್ವನಿ, ಮೋಹನ, ಕದನಕುತೂಹಲ ಈ ಮೂರರಲ್ಲಿ ಡೋಲು ಇರುವ ನಾದಸ್ವರವೋ ಮೃದಂಗ ಇರುವ ಸ್ಯಾಕ್ಸೊಫೋನೋ ಹಾಕಿದರೆ ಮಂಗಳಕಾರ್ಯದ ಗೆಲುವು ತಾನೇ ಬರುತ್ತದೆ. ‘ವಾತಾಪಿ’ ಮತ್ತು ‘ರಘುವಂಶ ಸುಧಾ’ ಎರಡೇ ಇದ್ದರೂ ಸಾಕು. ಆಲಾಪನೆ ಇರುವ ಭಾಗವನ್ನು ಬಿಟ್ಟು ಕೃತಿ ಶುರುವಾಗುವಲ್ಲಿಂದ ಹಚ್ಚಿ. ಫೋಟೋ ಸಾಲು ಕಾಲು ಗಂಟೆ ಹಿಡಿಯುತ್ತದೆ, ಆದ್ದರಿಂದ ಕಡತ ತಾನೇ ಮತ್ತೆ ಮೊದಲಿಂದ ಶುರುವಾಗುವಂತೆ ಇಟ್ಟಿರಬೇಕು.

ಸಭೆಯ ಅತಿ ನಾಜೂಕು ಗಳಿಗೆ ನಿವೃತ್ತರ ಮಾತು ಮುಗಿದ ಮೇಲಿನದು. ಅವರು ಹೆಂಡತಿಯ ಹೆಸರು ಹೇಳುವಾಗ ಗಂಟಲು ಕಟ್ಟಿರುತ್ತದೆ, ಸಭೆ ಸುಮ್ಮನಾಗಿರುತ್ತದೆ. ಇಲ್ಲಿ ಒಂದು ಭಾವುಕ ಹಾಡು ಬಂದರೆ ಮುಂದಿನ ಅರ್ಧ ಗಂಟೆ ಯಾರೂ ಚೇತರಿಸಿಕೊಳ್ಳುವುದಿಲ್ಲ, ಕೇಸರಿಬಾತ್ ಕೂಡ ತಣ್ಣಗಾಗುತ್ತದೆ. ಈ ಜಾಗಕ್ಕೆ ‘ತುತ್ತು ಅನ್ನ ತಿನ್ನೋಕೆ’ಯನ್ನು ಮೀರಿಸುವ ಹಾಡು ಕನ್ನಡದಲ್ಲಿ ಸಿಗುವುದು ಕಷ್ಟ. ‘ಜಿಮ್ಮಿಗಲ್ಲು’ ಚಿತ್ರಕ್ಕೆ ವಿಷ್ಣುವರ್ಧನ್ ತಾವೇ ಹಾಡಿದ್ದು. ಹಾಯಾಗಿರಲು ಅಂಗೈಯಗಲ ಜಾಗ ಸಾಕು ಎನ್ನುವ ಹಾಡು ಇದು, ನಾಳೆಯಿಂದ ಕಡತ ಹೊರಬೇಕಿಲ್ಲದವರಿಗೆ ನೇರ ಅನ್ವಯ. ಧಾಟಿ ಸುಲಭ, ಎಲ್ಲರಿಗೂ ಬರುತ್ತದೆ, ಗಾಯಕರ ಅಗತ್ಯವೇ ಇಲ್ಲ. ‘ಗೀತಾ’ ಚಿತ್ರದ ‘ಸಂತೋಷಕೆ’ ಕೂಡ ಇದೇ ಜಾಗಕ್ಕೆ ಕೂರುತ್ತದೆ, ಕುಣಿಯುವ ಹುಡುಗರಿದ್ದರೆ. ಹಾಡಿನ ಗುಂಪು ಮೊದಲೇ ಎದ್ದು ನಿಂತಿರಬೇಕು. ನಿವೃತ್ತರು ನಮಸ್ಕಾರ ಹೇಳಿ ಕೂರುವ ಹೊತ್ತಿಗೆ ಹಾಡು ಶುರುವಾಗಬೇಕು. ನಡುವೆ ನಿರೂಪಕರು ಎದ್ದು ‘ಎಂಥ ಭಾವುಕ ಕ್ಷಣ’ ಅಂದರೆ ಮುಗಿಯಿತು.

ಕೊನೆಯದು ಎಲ್ಲರೂ ಸೇರಿ ‘ನಗು ನಗುತಾ ನಲಿ’. ಹಾಡು ತಾಯಿಯ ಒಡಲಿನಿಂದ ಶುರುವಾಗಿ ಬದುಕಿನ ಘಟ್ಟಗಳನ್ನು ದಾಟುತ್ತಾ ಹೋಗುವುದರಿಂದ ಮೊದಲ ಚರಣಕ್ಕೇ ನಿಲ್ಲಿಸುವುದು ಒಳ್ಳೆಯದು. ಪಲ್ಲವಿ ಮತ್ತು ಆ ಒಂದು ಚರಣವನ್ನು ದಪ್ಪ ಅಕ್ಷರದಲ್ಲಿ ಅರ್ಧ ಹಾಳೆಗೆ ಅಚ್ಚು ಹಾಕಿಸಿ ಇಬ್ಬರಿಗೊಂದರಂತೆ ಹಂಚಿ. ಎಂಬತ್ತು ಜನಕ್ಕೆ ನಲವತ್ತು ತುಂಡು, ಅಂದರೆ ಇಪ್ಪತ್ತು ಹಾಳೆ. ಫೋನಿನಲ್ಲಿ ನೋಡಿ ಹಾಡಿ ಅಂದರೆ ಅರ್ಧ ಜನ ಹಾಡುವುದಿಲ್ಲ.

ಗುಂಪು ಹಾಡಿನಲ್ಲಿ ಒಂದು ಅಪಾಯವಿದೆ. ತಾಳವಾದ್ಯವಿಲ್ಲದೆ ಹಾಡಿದರೆ ಲಯ ಸಾಲಿನಿಂದ ಸಾಲಿಗೆ ಇಳಿಯುತ್ತದೆ. ಪ್ರತಿ ಸಾಲಿನ ಕೊನೆಯನ್ನು ಜನ ಎಳೆಯುತ್ತಾರೆ, ಎರಡು ನಿಮಿಷದಲ್ಲಿ ಚುರುಕಾದ ಹಾಡು ಭಜನೆಯ ಕೊನೆಯ ಹಂತದಂತಾಗುತ್ತದೆ. ಕರೋಕೆ ಟ್ರ್ಯಾಕ್ ಇದ್ದರೆ ಇದು ತಪ್ಪುತ್ತದೆ. ಇಲ್ಲದಿದ್ದರೆ ಢೋಲಕ್ಕೋ ಕಂಜಿರವೋ ಗೊತ್ತಿರುವ ಒಬ್ಬರನ್ನು ಕೂರಿಸಿ. ಶ್ರುತಿ ಎತ್ತರವಾಯಿತೆಂದು ಕರೋಕೆಯ ವೇಗ ಇಳಿಸುವವರಿದ್ದಾರೆ. ಅದು ತಪ್ಪು ಗುಂಡಿ. ವೇಗವನ್ನು ಮುಟ್ಟದೆ ಶ್ರುತಿಯನ್ನು ಮಾತ್ರ ಎರಡು ಮೂರು ಮನೆ ಇಳಿಸಬೇಕು, ಹೆಚ್ಚಿನ ಕರೋಕೆ ಆ್ಯಪ್‌ಗಳಲ್ಲಿ ಎರಡಕ್ಕೂ ಬೇರೆ ಬೇರೆ ಗುಂಡಿ ಇರುತ್ತದೆ. ಹಾಡಿನ ಅತಿ ಎತ್ತರದ ಸಾಲನ್ನೇ ಮೊದಲು ಹಾಡಿ ನೋಡಿ, ಅದು ಆರಾಮವಾಗಿ ಬಂದರೆ ಉಳಿದದ್ದು ಬರುತ್ತದೆ.

ಕಡತಗಳನ್ನು ಫೋನಿನೊಳಗೇ ಇಳಿಸಿಟ್ಟುಕೊಂಡು, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಸ್ಪೀಕರಿಗೆ ಜೋಡಿಸಿ. ನೇರ ಯೂಟ್ಯೂಬಿನಿಂದ ಹಾಕಿದರೆ ಶಾಲು ಹೊದಿಸುವ ಹೊತ್ತಿಗೆ ಸಾಲದ ಜಾಹೀರಾತು ಬರುತ್ತದೆ. ಬ್ಲೂಟೂತ್ ಬದಲು ತಂತಿ ಇದ್ದರೆ ಇನ್ನೂ ಒಳ್ಳೆಯದು, ಪರದೆಯ ಸಾಹಿತ್ಯವೂ ದನಿಯೂ ಹೊಂದಿಕೊಂಡು ಬರುತ್ತವೆ.

‘ಬೊಂಬೆ ಹೇಳುತೈತೆ’ಯ ಮಾತು ಬರದೆ ಈ ಊರಿನಲ್ಲಿ ಪಟ್ಟಿ ಮುಗಿಯುವುದಿಲ್ಲ. 2017ರಲ್ಲಿ ಬಂದಾಗ ಅದು ಒಳ್ಳೆಯ ಮನುಷ್ಯನನ್ನು ಹೊಗಳುವ ಹಾಡಾಗಿತ್ತು, ಯಾರ ಸನ್ಮಾನಕ್ಕಾದರೂ ಒಪ್ಪುತ್ತಿತ್ತು. 2021ರ ಅಕ್ಟೋಬರ್ 29ರ ನಂತರ ಅದು ಪುನೀತ್ ಅವರ ನೆನಪಿನ ಹಾಡು. ವಿಜಯ್ ಪ್ರಕಾಶ್ ದನಿ ಶುರುವಾದ ಕೂಡಲೇ ಸಭೆಯಲ್ಲಿ ಫೋನಿನ ದೀಪಗಳು ಹೊತ್ತಿಕೊಳ್ಳುತ್ತವೆ, ನಿವೃತ್ತರು ಹಿನ್ನೆಲೆಗೆ ಸರಿಯುತ್ತಾರೆ. ಅವರೇ ಕೇಳಿದ್ದರೆ ಹಾಕಿ, ಆದರೆ ಕಾರ್ಯಕ್ರಮದ ಮೊದಲ ಅರ್ಧದಲ್ಲಿ, ಪರದೆಯ ಮೇಲೆ ವಿಡಿಯೊ ಇಲ್ಲದೆ.

ನಿವೃತ್ತರಾಗುವವರು ಮಹಿಳೆಯಾದರೆ ಪಟ್ಟಿ ತಟ್ಟನೆ ಬಡವಾಗುತ್ತದೆ. ಚಿತ್ರಗೀತೆಗಳ ಶೂರರೆಲ್ಲ ಗಂಡಸರೇ. ಸಾಮಾನ್ಯವಾಗಿ ಹೊಳೆಯುವುದು ‘ಆಕಾಶದ ನೀಲಿಯಲ್ಲಿ’. ಅದರ ಸೌಂದರ್ಯದ ಬಗ್ಗೆ ತಕರಾರಿಲ್ಲ, ಆದರೆ ದೀಪ ಹಚ್ಚಿ ಅನ್ನ ಉಣಿಸಿದ ತಾಯಿಯ ಚಿತ್ರ ಅದು. ಮೂವತ್ತು ವರ್ಷ ಲೆಕ್ಕಪತ್ರ ಶಾಖೆಯಲ್ಲಿ ಗುತ್ತಿಗೆದಾರರ ಬಿಲ್ಲುಗಳಲ್ಲಿನ ತಪ್ಪು ಹಿಡಿದವರಿಗೆ ಕೊನೆಯ ದಿನ ಅನ್ನ ಉಣಿಸಿದ್ದಕ್ಕೆ ಹೊಗಳಿಕೆ ಸಿಕ್ಕರೆ ನೌಕರಿ ಎಲ್ಲಿ ಹೋಯಿತು? ‘ಆಗದು ಎಂದು’ ಹೆಣ್ಣು ಗಂಡು ಎನ್ನದೆ ನಿಲ್ಲುತ್ತದೆ. ಪುರಂದರದಾಸರ ‘ಆದದ್ದೆಲ್ಲ ಒಳಿತೇ ಆಯಿತು’ ಇನ್ನೂ ಚೆನ್ನ. ಒಂದು ವೃತ್ತಿ ಬಿಟ್ಟು ಇನ್ನೊಂದು ಬದುಕಿಗೆ ಹೊರಟವರ ಪದ ಅದು, ಅದರಲ್ಲಿ ಹಿಂದಿನದರ ಬಗ್ಗೆ ಕೊರಗಿಲ್ಲ, ಹೆಂಡತಿಯ ಮೇಲೊಂದು ತಮಾಷೆಯ ಮಾತೂ ಇದೆ. ಅದೇ ದಾಸರ ‘ಅಲ್ಲಿದೆ ನಮ್ಮ ಮನೆ’ ಮಾತ್ರ ಬೇಡ, ನಿವೃತ್ತರ ಮನೆ ರಾಜಾಜಿನಗರದಲ್ಲಿದ್ದರೂ ಹಾಡಿನ ಮನೆ ಅಲ್ಲಿಲ್ಲ.

ಗಂಡ ಹೆಂಡಿರನ್ನು ಜೊತೆಯಲ್ಲಿ ಕೂರಿಸಿ ‘ಜೊತೆಯಲಿ ಜೊತೆ ಜೊತೆಯಲಿ’ ಹಾಡುವ ಆಸೆ ಕಿರಿಯರಿಗೆ ಬರುವುದು ಸಹಜ. ಅದಕ್ಕೆ ಮೊದಲು ಮನೆಯವರೊಬ್ಬರಿಗೆ ಫೋನು ಮಾಡಿ ವಿಚಾರಿಸಬೇಕು. ಸಂಗಾತಿ ಇದ್ದಾರೆಯೇ, ಸಭೆಗೆ ಬರುತ್ತಾರೆಯೇ, ಈಚೆಗೆ ಮನೆಯಲ್ಲಿ ಸಾವುನೋವು ಆಗಿದೆಯೇ, ಯಾವ ಹಾಡು ಕೇಳಿದರೆ ಅವರು ಎದ್ದು ಹೋಗುತ್ತಾರೆ. ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಕೆಲಸಕ್ಕೆ ಬರುವುದು ಅದೇ.

ಮೇ 31ರ ಸಮಾರಂಭಗಳದ್ದು ಬೇರೆಯೇ ಲೆಕ್ಕ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ ಆಸುಪಾಸಿನ ಹುಟ್ಟಿದ ದಿನ ಬರೆದುಕೊಂಡ ಕಾಲದವರು ಈಗ ಸಾಲಾಗಿ ನಿವೃತ್ತಿಯಾಗುತ್ತಿದ್ದಾರೆ. ಜೂನ್ 1ರ ದಾಖಲೆಯವರಿಗೆ ಮೇ 31ಕ್ಕೇ ಕೊನೆಯ ದಿನ. ಒಂದೇ ವೇದಿಕೆಯ ಮೇಲೆ ಐದು ಪೇಟ ಇದ್ದಾಗ ಒಬ್ಬೊಬ್ಬರಿಗೆ ಒಂದು ಹಾಡು ಎಂದು ಹೊರಟರೆ ಐದನೆಯವರ ಹಾಡಿನ ಹೊತ್ತಿಗೆ ಸಭೆ ತಿಂಡಿಯ ಮೇಜಿನ ಬಳಿ ಇರುತ್ತದೆ. ಹಾಡುಗಳನ್ನು ಎಲ್ಲರಿಗೂ ಸೇರಿ ಮೂರೇ ಇಟ್ಟುಕೊಂಡು, ಅಣಕು ಹಾಡಿನಲ್ಲಿ ಮಾತ್ರ ಒಬ್ಬೊಬ್ಬರಿಗೆ ಎರಡೆರಡು ಸಾಲು ಬರೆಯಿರಿ. ಡ್ರೈವರ್ ಆಗಲಿ ಕಾರ್ಯಪಾಲಕ ಇಂಜಿನಿಯರ್ ಆಗಲಿ, ಸಾಲು ಎರಡೇ. ಹುದ್ದೆ ನೋಡಿ ಒಬ್ಬರಿಗೆ ನಾಲ್ಕು ಸಾಲು ಬರೆದರೆ ಉಳಿದ ನಾಲ್ಕು ಮನೆಯವರು ಅದನ್ನು ಎಣಿಸಿಯೇ ಎಣಿಸುತ್ತಾರೆ.